ಮದುವೆಗೆ ಹೋಗುವ ಮೊದಲು ಪಾದ ಅಳೆದುಕೊಳ್ಳಿ

ಮೊನ್ನೆ ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಒಂದು ಮದುವೆ. ಅಭಿಜಿನ್ ಲಗ್ನ, ಹೊರಗೆ ಕೆಂಡದಂಥ ಬಿಸಿಲು. ಅಕ್ಷತೆ ಹಾಕುವ ಹೊತ್ತಿಗೇ ನಮ್ಮ ಅಕ್ಕನ ಮೊಮ್ಮಗಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಎರಡನೇ ಪಂಕ್ತಿಗೆ ಕರೆಯುವಾಗ ಚಪ್ಪಲಿ ಕೈಗೆ ಬಂದಿತ್ತು, ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆದಿತ್ತು. ಕೇಳಿದರೆ, ಹಿಂದಿನ ದಿನ ಬೆಳಗ್ಗೆ ಅಂಗಡಿಯಲ್ಲಿ ಕೂತು ಹಾಕಿ ನೋಡಿದ್ದಂತೆ, ಆಗ ಸರಿಯಾಗಿತ್ತಂತೆ. ಬೆಳಗ್ಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಸೆಖೆಯಲ್ಲಿ ಎರಡು ಗಂಟೆ ನಿಂತರೆ ಪಾದ ಊದಿಕೊಳ್ಳುತ್ತದೆ. ಬೆವರಿಗೆ ಚರ್ಮ ಮೆತ್ತಗಾಗುತ್ತದೆ. ಆಮೇಲೆ ಪಟ್ಟಿ ಉಜ್ಜಿದ ಕಡೆಯೆಲ್ಲ ಗುಳ್ಳೆಯೇ.

ಅದಕ್ಕೇ ನಾನು ಮೂವತ್ತು ವರ್ಷದಿಂದ ಕಾಗದ ಕತ್ತರಿಸಿಕೊಂಡೇ ಅಂಗಡಿಗೆ ಹೋಗುವುದು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ತೆಗೆದುಕೊಳ್ಳಿ. ದಿನದ ಕೆಲಸ ಮುಗಿದು ಕಾಲು ಭಾರವಾದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಬರಿಗಾಲಲ್ಲಿ ಅದರ ಮೇಲೆ ನಿಲ್ಲಿ. ಕೂತು ಗೀಚಬೇಡಿ. ಕೂತಾಗ ಪಾದ ಸಣ್ಣದಾಗುತ್ತದೆ, ನಿಂತಾಗಲೇ ಹರಡಿಕೊಳ್ಳುವುದು. ನೀವೇ ಬಗ್ಗಿದರೂ ಭಾರ ಆಚೀಚೆ ಆಗುತ್ತದೆ, ಆದ್ದರಿಂದ ಮನೆಯವರ ಕೈಗೆ ಪೆನ್ಸಿಲ್ ಕೊಡಿ. ಪೆನ್ಸಿಲ್ ನೆಟ್ಟಗೆ ನಿಂತಿರಬೇಕು. ಒಳಗಡೆ ವಾಲಿಸಿದರೆ ಗೆರೆ ಪಾದದ ಅಡಿಗೆ ನುಗ್ಗಿ ಅಳತೆ ಕಡಿಮೆಯಾಗುತ್ತದೆ. ನಮ್ಮ ಮನೆಯವರು ಮೊದಲ ಸಲ ಹಾಗೇ ಮಾಡಿದ್ದರು, ಎರಡನೇ ಹಾಳೆ ಹಾಸಬೇಕಾಯಿತು. ಎರಡೂ ಪಾದ ಗೀಚಿ. ತುಂಬಾ ಜನಕ್ಕೆ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುತ್ತದೆ. ಕತ್ತರಿಸಿ, ಎಡ ಬಲ ಅಂತ ಬರೆದು ಪರ್ಸಿನಲ್ಲಿಡಿ.

ಅಂಗಡಿಯಲ್ಲಿ ಆ ಕಾಗದವನ್ನು ಚಪ್ಪಲಿಯೊಳಗೆ ಹಾಸಿ ಅಂಗೈಯಿಂದ ಒತ್ತಿ. ಕಿರುಬೆರಳಿನ ಹತ್ತಿರ ಅಂಚು ಮೇಲೆದ್ದರೆ ಆ ಚಪ್ಪಲಿ ಅಲ್ಲಿಯೇ ಕಚ್ಚುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಉಳಿಯಲಿ. ಆದರೆ ಪಟ್ಟಿ ಪಾದದ ಮೇಲ್ಗಡೆ ಹೇಗೆ ಕೂರುತ್ತದೆ ಅಂತ ಕಾಗದ ಹೇಳುವುದಿಲ್ಲ. ಅದಕ್ಕೆ ಮನೆಯಲ್ಲಿ ಮೂರು ಸಂಜೆ, ಒಗ್ಗರಣೆ ಹಾಕುತ್ತಲೋ ಬಟ್ಟೆ ಮಡಚುತ್ತಲೋ ಸ್ವಲ್ಪ ಹೊತ್ತು ಹಾಕಿಕೊಂಡೇ ಓಡಾಡಿ. ಎಲ್ಲಿ ಕೆಂಪಗಾಗುತ್ತದೋ ಅಲ್ಲಿಗೆ ಮದುವೆ ದಿನ ಮೆಡಿಕಲ್ ಅಂಗಡಿಯ ಕಾಗದದಂಥ ಬಿಳಿ ಟೇಪ್ ಅಂಟಿಸಿ. ಕಾಲು ಚೆನ್ನಾಗಿ ಒಣಗಿರಬೇಕು, ಎಣ್ಣೆ ಕ್ರೀಮು ಇರಬಾರದು, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿರಬೇಕು. ಚೂಪು ಮೂಲೆ ಮೊದಲು ಏಳುತ್ತದೆ.

ಇನ್ನು ಯಾವುದು ತಗೊಳ್ಳೋದು ಅಂತ. ಛತ್ರದ ಕಲ್ಲಿನ ನೆಲಕ್ಕೆ ಎರಡು ಬೆರಳು ಎತ್ತರದ ಬ್ಲಾಕ್ ಹೀಲ್ ಸಾಕು. ಹೀಲಿನ ಅಡಿಯಲ್ಲಿ ರಬ್ಬರ್ ಇದೆಯಾ ನೋಡಿ, ಇಲ್ಲದಿದ್ದರೆ ಜಾರುತ್ತದೆ. ಆರತಕ್ಷತೆ ಹುಲ್ಲಿನ ಮೇಲಿದ್ದರೆ ವೆಡ್ಜ್ ಹೀಲ್ ಒಳ್ಳೆಯದು, ಮಣ್ಣಿಗೆ ಹೂತುಹೋಗುವುದಿಲ್ಲ. ಅದರ ಮುಂಭಾಗವೂ ಸ್ವಲ್ಪ ದಪ್ಪಗಿದ್ದರೆ ಇಳಿಜಾರು ಕಡಿಮೆಯಾಗಿ ಬೆರಳುಗಳ ಮೇಲೆ ಭಾರ ಬೀಳುವುದಿಲ್ಲ. ಫ್ಲಾಟ್ಸ್ ಅಂದರೆ ಆರಾಮ ಅಂದುಕೊಂಡು ಕಾಗದದಷ್ಟು ತೆಳು ಅಟ್ಟೆ ತರುತ್ತೀರಲ್ಲ, ಅದು ತಪ್ಪು. ಬಿಸಿಲಿಗೆ ಕಾದ ಸಿಮೆಂಟಿನ ಶಾಖ ನೇರ ಅಂಗಾಲಿಗೆ ಬರುತ್ತದೆ, ಸಂಜೆಗೆ ಹಿಮ್ಮಡಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಮಡಚಿ ನೋಡಿ. ಬೆರಳು ಬಗ್ಗುವ ಜಾಗದಲ್ಲಿ ಮಾತ್ರ ಬಗ್ಗಬೇಕು, ನಡುವೆಯೇ ರೊಟ್ಟಿಯಂತೆ ಮಡಚಿದರೆ ಬಿಟ್ಟುಬಿಡಿ. ಯಾವುದೇ ಆಗಲಿ, ಕಾಲಿನ ಮಣಿಕಟ್ಟಿಗೆ ಬಕಲ್ ಪಟ್ಟಿ ಇರಲಿ. ಪಾದ ಮುಂದಕ್ಕೆ ಜಾರುವುದಿಲ್ಲ, ಮಧ್ಯಾಹ್ನ ಊದಿಕೊಂಡಾಗ ಒಂದು ತೂತು ಸಡಿಲ ಮಾಡಬಹುದು.

ಸೀರೆಯನ್ನೂ ಆ ಚಪ್ಪಲಿ ಹಾಕಿಕೊಂಡೇ ಉಟ್ಟುಕೊಳ್ಳಿ. ಬರಿಗಾಲಲ್ಲಿ ನೆರಿಗೆ ಹಾಕಿ ಆಮೇಲೆ ಹೀಲ್ ಏರಿದರೆ ಪಾದ ಪೂರಾ ಕಾಣುತ್ತದೆ. ಮನೆಗೆ ಬಂದ ಮೇಲೆ ಬೆವರಿದ ರೇಷ್ಮೆಯನ್ನು ಹಾಗೇ ಮಡಚಿ ಬೀರುವಿಗೆ ತುರುಕಬೇಡಿ, ನೆರಳಲ್ಲಿ ಗಾಳಿಗೆ ಹಾಕಿ. ಈಗಿನ ಹುಡುಗಿಯರಿಗೆ ಇದನ್ನು ಎಷ್ಟು ಸಲ ಹೇಳುವುದು!

ಅಟ್ಟದ ಮೇಲೆ ಡಬ್ಬಿಯಲ್ಲಿ ನಾಲ್ಕೈದು ವರ್ಷ ಇಟ್ಟಿದ್ದ ವೆಡ್ಜ್ ಇದ್ದರೆ, ಹಾಕಿಕೊಳ್ಳುವ ಮೊದಲು ಅಟ್ಟೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕೆಲವು ಬಗೆಯ ಫೋಮ್ ಅಟ್ಟೆಗಳು ಬಳಸದೆ ಇಟ್ಟರೂ ಒಳಗೊಳಗೇ ಹಾಳಾಗುತ್ತವೆ. ನನ್ನ ತಂಗಿಯದು ಛತ್ರದ ಮೆಟ್ಟಿಲಲ್ಲಿ ಒಣ ಬೆಲ್ಲದ ಹಾಗೆ ಉದುರಿತ್ತು. ಒತ್ತಿದಾಗ ಬಿರುಕು ಬಿಟ್ಟರೆ ಅಥವಾ ಬೆರಳಿಗೆ ಅಂಟಿದರೆ ಅದು ಮುಗಿದಂತೆ, ಚಪ್ಪಲಿ ಹೊಲಿಯುವವರ ಹತ್ತಿರ ಗೋಂದು ಹಾಕಿಸಿದರೂ ನಿಲ್ಲುವುದಿಲ್ಲ.