ಕೋರ್ಸ್ ಫೀಸು ಕಂಪನಿ ಕಟ್ಬೇಕಾ? ಮೊದ್ಲು ಟಿಕೆಟ್ ಎಣಿಸಿ

"ಸರ್, ಈ ಕೋರ್ಸ್ ಮಾಡಿದ್ರೆ ನನ್ನ ಸ್ಕಿಲ್ ಇಂಪ್ರೂವ್ ಆಗತ್ತೆ" ಅಂತ ಮೇಲ್ ಹಾಕಿದ್ರೆ ಮ್ಯಾನೇಜರ್ "ನೋಡೋಣ" ಅಂತಾರೆ, ಆ ನೋಡೋಣ ಅಪ್ರೈಸಲ್ ಬಂದ್ರೂ ನೋಡೋಣವಾಗೇ ಇರತ್ತೆ. ಅವ್ರ ತಪ್ಪೇನಿಲ್ಲ ಬಿಡಿ. ಅವ್ರು ಅದನ್ನ ಫೈನಾನ್ಸ್‌ನೋರ ಮುಂದೆ ಇಡ್ಬೇಕು, ಅಲ್ಲಿ ನಿಮ್ಮ ಸ್ಕಿಲ್ ಕಟ್ಕೊಂಡು ಯಾರಿಗೂ ಏನೂ ಆಗ್ಬೇಕಿಲ್ಲ, ಟೀಮಿಗೆ ಏನು ಉಳಿಯತ್ತೆ ಅನ್ನೋದಷ್ಟೇ ಬೇಕು.

ಒಂದು ಉದಾಹರಣೆ ಇಟ್ಕೊಳ್ಳೋಣ, ನಂಬರ್‌ಗಳು ಲೆಕ್ಕ ತೋರಿಸೋಕಷ್ಟೇ. ಬೆಳ್ಳಂದೂರಿನ ಒಂದು ಆಫೀಸು, ಐದು ಜನರ ಸಪೋರ್ಟ್ ಟೀಮು, ವಾರಕ್ಕೆ ಎರಡು ಮೂರು ಸಲ "ರಿಪೋರ್ಟ್ ತುಂಬಾ slow, ಓಪನ್ನೇ ಆಗ್ತಿಲ್ಲ" ಅಂತ ಕಸ್ಟಮರ್ ಟಿಕೆಟ್ ಹಾಕ್ತಾರೆ. ಟೀಮಲ್ಲಿ ಡೇಟಾಬೇಸ್ ಸರಿಯಾಗಿ ಗೊತ್ತಿರೋರು ಯಾರೂ ಇಲ್ಲ, ರೀಸ್ಟಾರ್ಟ್ ಮಾಡೋದು, ಆಗ್ಲಿಲ್ಲಾಂದ್ರೆ ಹೊರಗಿನ ಕನ್ಸಲ್ಟಂಟ್‌ಗೆ ಫೋನು. ಅಲ್ಲಿರೋ ಒಬ್ಬಳು ಹುಡುಗಿಗೆ ಡೇಟಾಬೇಸ್ ಟ್ಯೂನಿಂಗ್ ಕೋರ್ಸ್ ಮಾಡ್ಬೇಕು. 3 ದಿನ, ಫೀಸು 45,000 ರೂಪಾಯಿ.

ಮೊದಲು ಖರ್ಚು ಪೂರ್ತಿ ಬರೀರಿ, ಏನೂ ಮುಚ್ಚಿಡ್ಬೇಡಿ. ಫೀಸಿನ ಮೇಲೆ 18% ಜಿಎಸ್‌ಟಿ ಅಂದ್ರೆ ಇನ್ನೂ 8,100 ಬರತ್ತೆ. ಬಿಲ್ ಕಂಪನಿ ಹೆಸರಲ್ಲಿ, ಕಂಪನಿ ಜಿಎಸ್‌ಟಿ ನಂಬರ್ ಹಾಕಿಸಿ ತಗೊಂಡ್ರೆ ಆ ದುಡ್ಡನ್ನ ಕಂಪನಿ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ಪಡೀಬಹುದು, ನೀವೇ ಕಾರ್ಡಲ್ಲಿ ಕಟ್ಟಿ ನಿಮ್ಮ ಹೆಸರಿನ ಬಿಲ್ ಕೊಟ್ರೆ ಅದು ಹೋಯ್ತು ಅಂತ್ಲೇ ಲೆಕ್ಕ. ಇದನ್ನ ಅಕೌಂಟ್ಸ್‌ನೋರ ಹತ್ರ ಮೊದಲೇ ಕೇಳ್ಕೊಳ್ಳಿ. ಆಮೇಲೆ ನೀವು ಕೆಲಸದಲ್ಲಿ ಇಲ್ಲದಿರೋ 3 ದಿನ. ವರ್ಷಕ್ಕೆ 12 ಲಕ್ಷದ ಸಿಟಿಸಿ, ಸುಮಾರು 2,000 ಗಂಟೆ ಕೆಲಸ, ಅಂದ್ರೆ ಗಂಟೆಗೆ 600. ದಿನಕ್ಕೆ 8 ಗಂಟೆ ಥರ 24 ಗಂಟೆಗೆ 14,400. ಜಿಎಸ್‌ಟಿ ವಾಪಸ್ ಬರತ್ತೆ ಅಂತ ಬಿಟ್ರೆ ಫೀಸೂ ಇದೂ ಸೇರಿ ಒಟ್ಟು 59,400. ಈ ಎರಡನೇ ಖರ್ಚನ್ನ ನೀವೇ ಬರೆದಿದ್ದೀರ ಅಂದ್ರೆ ಮ್ಯಾನೇಜರ್‌ಗೆ ಕೇಳೋಕೆ ಒಂದು ಪ್ರಶ್ನೆ ಕಮ್ಮಿ.

ಈಗ ಲಾಭ. ಟಿಕೆಟ್ ಟೂಲಲ್ಲಿ ಕಳೆದ 3 ತಿಂಗಳದ್ದು "slow" ಅಂತ ಹುಡುಕಿ, ಒಂದೊಂದಾಗಿ ಓದಿ, ನೆಟ್‌ವರ್ಕ್ ಪ್ರಾಬ್ಲಮ್‌ದೆಲ್ಲ ತೆಗೆದುಹಾಕಿ. ಉಳಿದಿದ್ದು 36 ಟಿಕೆಟ್, ಒಂದಕ್ಕೆ ಸರಾಸರಿ ಎರಡೂವರೆ ಗಂಟೆ ಅಂದ್ಕೊಳ್ಳಿ, 90 ಗಂಟೆ, ತಿಂಗಳಿಗೆ 30. ಇಲ್ಲೇ ಜನ ಎಡವೋದು, ಕೋರ್ಸ್ ಮುಗಿಸ್ಕೊಂಡು ಬಂದ್ರೆ 30ಕ್ಕೆ 30ನೂ ಉಳಿಯತ್ತೆ ಅಂತ ಬರೆದುಬಿಡ್ತಾರೆ, ಯಾರೂ ನಂಬಲ್ಲ. ಮೂರರಲ್ಲಿ ಒಂದು ಪಾಲು ಹಿಡೀರಿ, ತಿಂಗಳಿಗೆ 10 ಗಂಟೆ, 6,000 ರೂಪಾಯಿ.

ಆದ್ರೆ ಈ 6,000 ಯಾರ ಕೈಗೂ ಬರೋ ದುಡ್ಡಲ್ಲ, ಸಂಬಳ ಹೆಂಗಿದ್ರೂ ಹೋಗತ್ತೆ. ಅದಕ್ಕೇ ಆ ಗಂಟೆಗಳಲ್ಲಿ ಏನ್ ಮಾಡ್ತೀರ ಅಂತ ಹೇಳ್ಬೇಕು, ಬಾಕಿ ಬಿದ್ದಿರೋ ಯಾವ ಕೆಲಸ ಅಂತ ಹೆಸರು ಹಿಡಿದು. ನಿಜವಾದ ದುಡ್ಡು ಉಳಿಯೋದು ಕನ್ಸಲ್ಟಂಟ್ ಬಿಲ್ಲಲ್ಲಿ. ಹೋದ ವರ್ಷ 4 ಸಲ ಕರೆಸಿದ್ರು, ಸಲಕ್ಕೆ 15,000. ಎರಡು ಸಲ ತಪ್ಪಿದ್ರೂ ವರ್ಷಕ್ಕೆ 30,000, ತಿಂಗಳಿಗೆ 2,500. ಎರಡೂ ಸೇರಿ 8,500, ಹಾಕಿದ್ದು ವಾಪಸ್ ಬರೋಕೆ 7 ತಿಂಗಳು. ಗಂಟೆ ಬೇರೆ, ದುಡ್ಡು ಬೇರೆ ಅಂತ ಎರಡು ಸಾಲಲ್ಲಿ ತೋರಿಸಿ, ಕಲಸಿಬಿಟ್ರೆ ಫೈನಾನ್ಸ್‌ನೋರು ಮೊದಲು ಹಿಡಿಯೋದೇ ಅದನ್ನ.

ಮೇಲ್ ಇಂಗ್ಲಿಷಲ್ಲೇ ಹೋಗತ್ತೆ ಅನ್ನಿ, ವಿಷಯ ಮಾತ್ರ ಇಷ್ಟೇ:

"ಸರ್, ಸ್ಲೋ ರಿಪೋರ್ಟ್ ಟಿಕೆಟ್‌ಗೆ ನಮ್ಮ ಟೀಮ್ ತಿಂಗಳಿಗೆ 30 ಗಂಟೆ ಹಾಕ್ತಿದೆ, ಕನ್ಸಲ್ಟಂಟ್‌ಗೆ ಹೋದ ವರ್ಷ 60,000 ಹೋಗಿದೆ. 3 ದಿನದ ಟ್ಯೂನಿಂಗ್ ಕೋರ್ಸ್‌ಗೆ ಜಿಎಸ್‌ಟಿ ಬಿಟ್ಟು, ನನ್ನ 3 ದಿನದ ಟೈಮೂ ಸೇರಿ 59,400 ಆಗತ್ತೆ. ತಿಂಗಳಿಗೆ 10 ಗಂಟೆ, ಕನ್ಸಲ್ಟಂಟ್ ಬಿಲ್ಲಲ್ಲಿ 2,500 ರೂಪಾಯಿ ಉಳಿದ್ರೆ ಅಂದಾಜು 7 ತಿಂಗಳಲ್ಲಿ ವಾಪಸ್ ಬರತ್ತೆ. ಬಂದ ಮೇಲೆ ಅತಿ ಸ್ಲೋ ಇರೋ 10 ಕ್ವೆರಿ ಸರಿ ಮಾಡ್ತೀನಿ, ಟೀಮಿಗೆ ಎರಡು ಸೆಷನ್ ತಗೋತೀನಿ. ಆ 3 ದಿನ ನನ್ನ ಟಿಕೆಟ್ ಯಾರು ನೋಡ್ಕೋತಾರೆ ಅಂತ ಮಾತಾಡಿ ಆಗಿದೆ. ಶುಕ್ರವಾರದೊಳಗೆ ಹೇಳಿದ್ರೆ ಸೀಟ್ ಹಿಡೀಬಹುದು."

ಲೆಕ್ಕದ ಶೀಟ್ ಮೇಲ್ ಜೊತೆ ಇರ್ಲಿ. ಮಂತ್ ಎಂಡ್‌ಗೋ ರಿಲೀಸ್ ವಾರಕ್ಕೋ ಬರೋ ಬ್ಯಾಚ್ ಕೇಳ್ಬೇಡಿ. ಆನ್‌ಲೈನಲ್ಲಿ ಕಮ್ಮಿಗೆ ವಿಡಿಯೋ ಕೋರ್ಸ್ ಸಿಗತ್ತಲ್ಲ ಅಂತ ಕೇಳೇ ಕೇಳ್ತಾರೆ, ಅದ್ರಲ್ಲಿ ಏನಿಲ್ಲ ಅಂತ ಒಂದು ಸಾಲಲ್ಲಿ ಹೇಳೋಕೆ ಆಗ್ಬೇಕು, ಆಗ್ಲಿಲ್ಲಾಂದ್ರೆ ನಿಜವಾಗ್ಲೂ ಅದೇ ಸಾಕೇನೋ. ಇನ್ನು ನಮ್ಮ ಬೆಂಗಳೂರಲ್ಲಿ ಬಾಯಿಬಿಟ್ಟು ಹೇಳದೆ ಇರೋ ಅನುಮಾನ ಒಂದಿದೆ, ಕಲಿತು ಬೇರೆ ಕಡೆ ಹಾರಿಬಿಟ್ರೆ? ಟೀಮಿಗೆ ಸೆಷನ್ ತಗೋತೀನಿ ಅನ್ನೋ ಸಾಲು ಅದಕ್ಕೂ ಉತ್ತರ. ಬಾಂಡ್ ಸೈನ್ ಮಾಡಿ ಅಂದ್ರೆ ಎಷ್ಟು ತಿಂಗಳು, ಮಧ್ಯೆ ಬಿಟ್ರೆ ಪೂರ್ತಿ ಕಟ್ಬೇಕಾ ಇಲ್ಲ ಉಳಿದ ತಿಂಗಳಿಗೆ ಮಾತ್ರನಾ ಅಂತ ಓದಿನೇ ಸೈನ್ ಹಾಕಿ.

ಆಗಲ್ಲ ಅಂದ್ರೆ ಯಾವ್ದಕ್ಕೆ ಆಗಲ್ಲ ಅಂತ ಕೇಳಿ. ದುಡ್ಡಿಲ್ಲ ಅಂದ್ರೆ ಏಪ್ರಿಲ್‌ನ ಹೊಸ ಬಜೆಟ್‌ಗೆ ಸೇರಿಸೋಕೆ ಯಾವಾಗ ಕೊಡ್ಬೇಕು ಅಂತ ತಾರೀಖು ತಗೊಳ್ಳಿ, ಟೈಮಿಲ್ಲ ಅಂದ್ರೆ ಮುಂದಿನ ಬ್ಯಾಚು, ಲಾಭ ನಂಬಕ್ಕಾಗಲ್ಲ ಅಂದ್ರೆ ಇನ್ನೊಂದು 3 ತಿಂಗಳು ಅದೇ ಶೀಟಲ್ಲಿ ಟಿಕೆಟ್ ಗಂಟೆ ತುಂಬಿಸ್ತಾ ಹೋಗಿ, ಕನ್ಸಲ್ಟಂಟ್ ಬಿಲ್ ಬಂದ ದಿನ ಅದನ್ನೂ ಸೇರಿಸಿ ಮತ್ತೆ ಕಳ್ಸಿ.