ಫೋನ್‌ನಲ್ಲಿ ಗಿಟಾರ್ ರೆಕಾರ್ಡ್ ಮಾಡುವಾಗ ಬ್ಯಾಟರಿ ಉಳಿಸಿಕೊಂಡ ಬಗೆ

ಗಿಟಾರ್, ಮೈಕ್‌ಗಳ ಸದ್ದನ್ನು ಫೋನಿಗೆ ತಲುಪಿಸುವ ಯುಎಸ್‌ಬಿ ಇಂಟರ್‌ಫೇಸನ್ನು ಆಂಡ್ರಾಯ್ಡ್ ಫೋನ್‌ಗೆ ಸಿಕ್ಕಿಸಿ ಗಿಟಾರ್, ಹಾಡು ರೆಕಾರ್ಡ್ ಮಾಡುವವರಿಗೆ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ಅಂತ ಗೊತ್ತಿರುತ್ತದೆ. ಕಾರಣ ಸರಳ. ಇಂಟರ್‌ಫೇಸ್‌ಗೆ ತನ್ನದೇ ಬ್ಯಾಟರಿ ಇಲ್ಲ, ಅದು ಫೋನಿನಿಂದಲೇ ಕರೆಂಟ್ ಎಳೆಯುತ್ತದೆ.

ನನ್ನದು ಸ್ಕಾರ್ಲೆಟ್ ಸೋಲೋ, ಮೂರನೇ ಪೀಳಿಗೆಯದು. ಅದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್‌ವರೆಗೆ ಕೇಳುತ್ತದೆ, ಅಂದರೆ ಎರಡೂವರೆ ವಾಟ್. 5000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು ಸುಮಾರು 19 ವಾಟ್-ಅವರ್. ಇಂಟರ್‌ಫೇಸ್‌ಗೆ ಎರಡೂವರೆ, ಸ್ಕ್ರೀನ್ ಮತ್ತು ಆ್ಯಪ್‌ಗೆ ಇನ್ನೊಂದೆರಡು ವಾಟ್ ಹೋದರೆ ಹೊಸ ಬ್ಯಾಟರಿಯೂ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳೆಯದಾದರೆ ಇನ್ನೂ ಬೇಗ. ಕಂಡೆನ್ಸರ್ ಮೈಕ್‌ಗೆ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರೇ ಬ್ಯಾಟರಿ ತಿನ್ನುತ್ತದೆ ಅಂತ ಹಲವರು ಹೇಳುತ್ತಾರೆ. ಮೈಕ್ ಎಳೆಯುವುದು ಕೆಲವೇ ಮಿಲಿಆಂಪ್, ಹಾಗಾಗಿ ಅದರ ಪಾಲು ಚಿಕ್ಕದು. ಗಿಟಾರ್ ಮಾತ್ರ ನುಡಿಸುವಾಗ ಅದನ್ನು ಆರಿಸಿಡುತ್ತೇನೆ, ಅಷ್ಟೇ. ಇಂಟರ್‌ಫೇಸ್‌ಗೆ ಬೇರೆ ಕಡೆಯಿಂದ ಕರೆಂಟ್ ಸಿಗಬೇಕು, ಅದೇ ನಿಜವಾದ ದಾರಿ.

ಅದಕ್ಕೆ ನಾನು ಬಳಸುವುದು ಪಿಡಿ, ಅಂದರೆ ಪವರ್ ಡೆಲಿವರಿ, ಚಾರ್ಜಿಂಗ್ ಪೋರ್ಟ್ ಇರುವ ಯುಎಸ್‌ಬಿ-ಸಿ ಹಬ್. ಸುಮ್ನೆ ಒಟಿಜಿ ಅಡಾಪ್ಟರ್ ಸಾಲದು. ಈ ಹಬ್‌ನ ಪಿಡಿ ಪೋರ್ಟ್‌ಗೆ ಕರೆಂಟ್ ಕೊಟ್ಟರೆ ಅದು ಇಂಟರ್‌ಫೇಸ್‌ಗೂ ಹೋಗುತ್ತದೆ, ಫೋನ್‌ಗೂ ಹೋಗುತ್ತದೆ. ಆಡಿಯೋ ಮಾತ್ರ ಎಂದಿನಂತೆ ಫೋನಿಗೆ ಬರುತ್ತಿರುತ್ತದೆ.

ಸಿಕ್ಕಿಸುವ ಕ್ರಮ ಇಲ್ಲಿ ಮುಖ್ಯ. ಮೊದಲು ಹಬ್‌ಗೆ ಪವರ್, ಆಮೇಲೆ ಹಬ್ ಫೋನ್‌ಗೆ, ಕೊನೆಗೆ ಇಂಟರ್‌ಫೇಸ್ ಹಬ್‌ಗೆ. ಸೋಲೋದ ಯುಎಸ್‌ಬಿ ದೀಪ ಹಸಿರಾಗಬೇಕು, ಫೋನ್ ಚಾರ್ಜ್ ಆಗುತ್ತಿದೆ ಅಂತ ತೋರಿಸಬೇಕು. ಎರಡೂ ಕಂಡ ಮೇಲೆಯೇ ಆ್ಯಪ್ ತೆರೆಯುತ್ತೇನೆ. ಟೇಕ್ ನಡೆಯುತ್ತಿರುವಾಗ ಪವರ್ ಕೇಬಲ್ ಸಿಕ್ಕಿಸುವುದು, ಕೀಳುವುದು ಬೇಡ. ಆ ಗಳಿಗೆಯಲ್ಲಿ ಹಬ್‌ನ ಪೋರ್ಟ್‌ಗಳಿಗೆ ಕರೆಂಟ್ ಕಡಿದು ಮತ್ತೆ ಬರಬಹುದು. ಆಗ ಇಂಟರ್‌ಫೇಸ್ ಆರಿ ಹೊತ್ತಿಕೊಳ್ಳುತ್ತದೆ. ಕೆಲವು ಆ್ಯಪ್‌ಗಳು ರೆಕಾರ್ಡಿಂಗ್ ನಿಲ್ಲಿಸುತ್ತವೆ, ಇನ್ನು ಕೆಲವು ಏನೂ ಹೇಳದೆ ಫೋನಿನ ಮೈಕ್‌ಗೆ ಹೋಗಿಬಿಡುತ್ತವೆ. ಎರಡನೆಯದೇ ಅಪಾಯ. ಅದಕ್ಕೆ ಪ್ರತಿ ಟೇಕ್‌ಗೂ ಮುಂಚೆ ಫೋನಿನ ಕೆಳಗಿನ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಮೀಟರ್ ಎಗರಿದರೆ ಆ್ಯಪ್ ಕೇಳಿಸಿಕೊಳ್ಳುತ್ತಿರುವುದು ಫೋನ್ ಮೈಕನ್ನು.

ಪವರ್ ಎಲ್ಲಿಂದ ಕೊಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಗೋಡೆಯ ಚಾರ್ಜರ್‌ನಿಂದ ಕೊಟ್ಟಾಗ ನನ್ನ ಗಿಟಾರ್ ಟ್ರ್ಯಾಕ್‌ನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ಎರಡು ಪಿನ್ನಿನ ಚಾರ್ಜರ್‌ಗೆ ಅರ್ತ್ ಇಲ್ಲ. ಅದರಿಂದ ಸೋರುವ ಸಣ್ಣ ಕರೆಂಟ್ ಕೇಬಲ್ ಹಿಡಿದು ಗಿಟಾರ್‌ವರೆಗೂ ಬರುತ್ತದೆ. ತಂತಿ ಮುಟ್ಟಿದಾಗ ಸದ್ದು ಬದಲಾಗುತ್ತದೆ, ಒಮ್ಮೊಮ್ಮೆ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತದೆ. ಪರೀಕ್ಷೆ ಸುಲಭ. ಏನೂ ನುಡಿಸದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಚಾರ್ಜರ್ ಬದಲು ಪವರ್ ಬ್ಯಾಂಕ್ ಹಾಕಿ, ಗಿಟಾರ್ ಹಿಡಿದು ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಕೂತು ಮತ್ತೆ ಹತ್ತು ಸೆಕೆಂಡ್ ಮಾಡಿ. ಸದ್ದು ಹೋದರೆ ತಪ್ಪು ಚಾರ್ಜರ್‌ನದು. ಹೋಗದಿದ್ದರೆ ಗಿಟಾರಿನ ಪಿಕಪ್ ಅಥವಾ ಕೇಬಲ್ ನೋಡಬೇಕು.

ಹಾಗಾಗಿ ಈಗ ನನ್ನದು ಪವರ್ ಬ್ಯಾಂಕೇ, 10000 ಎಂಎಎಚ್, ಪಿಡಿ ಔಟ್‌ಪುಟ್ ಇರುವುದು. ಗೋಡೆಗೆ ಯಾವ ಸಂಬಂಧವೂ ಇಲ್ಲದ್ದರಿಂದ ಆ ಸದ್ದಿಲ್ಲ, ಕರೆಂಟ್ ಹೋದರೂ ಟೇಕ್ ನಿಲ್ಲುವುದಿಲ್ಲ. ಶುರು ಮಾಡುವ ಮುಂಚೆಯೇ ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡಿರುತ್ತೇನೆ. ಖಾಲಿ ಬ್ಯಾಟರಿಗೆ ಜೋರಾಗಿ ಚಾರ್ಜ್ ಹೋಗುವಾಗ ಫೋನ್ ಬಿಸಿಯಾಗಿ ನಿಧಾನವಾಗುತ್ತದೆ, ರೆಕಾರ್ಡಿಂಗ್‌ನಲ್ಲಿ ಟಿಕ್ ಟಿಕ್ ಸದ್ದು ಬೀಳುತ್ತದೆ.

ಉಳಿದದ್ದು ಫೋನಿನ ಸ್ವಂತ ಖರ್ಚು. ಏರೋಪ್ಲೇನ್ ಮೋಡ್ ಹಾಕಿ ಬೆಳಕು ಇಳಿಸುತ್ತೇನೆ. ಗಿಟಾರನ್ನು ಎಫೆಕ್ಟ್ ಇಲ್ಲದೆ ನೇರವಾಗಿ ರೆಕಾರ್ಡ್ ಮಾಡಿ, ಆ್ಯಂಪ್ ಎಫೆಕ್ಟ್ ಆಮೇಲೆ ಸೇರಿಸುತ್ತೇನೆ. ನುಡಿಸುವಾಗ ಕೇಳುವುದು ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್‌ನಲ್ಲೇ, ಅಂದರೆ ಸದ್ದು ಫೋನಿಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನ್‌ಗೆ ಬರುತ್ತದೆ. ಹಾಗಾದರೆ ಆ್ಯಪ್‌ನಲ್ಲಿ ಸದ್ದನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಬಫರ್ ದೊಡ್ಡದಿಟ್ಟರೂ ಕಿವಿಗೆ ತಡ ಅನಿಸುವುದಿಲ್ಲ, ಪ್ರೊಸೆಸರ್‌ಗೆ ಕೆಲಸವೂ ಕಡಿಮೆ.

ಎಲ್ಲ ಫೋನ್‌ಗಳಲ್ಲೂ ಇದು ನಡೆಯುವುದಿಲ್ಲ. ಕೆಲವು ಫೋನ್‌ಗಳು ಚಾರ್ಜ್ ಶುರುವಾದ ಕೂಡಲೇ ಇಂಟರ್‌ಫೇಸನ್ನು ಕೈಬಿಡುತ್ತವೆ, ಆದ್ದರಿಂದ ಹಬ್ ಕೊಳ್ಳುವಾಗ ಫೋನ್ ಜೊತೆಗೇ ಒಯ್ದು ನೋಡುವುದು ಒಳ್ಳೆಯದು. ಅಂಥ ಫೋನ್ ಇರುವವರಿಗೆ ಸ್ಟೈನ್‌ಬರ್ಗ್ ಯುಆರ್22ಸಿ ತರಹದ್ದು ಹೊಂದುತ್ತದೆ. ಅದರ ಹಿಂದೆ ಪವರ್‌ಗೆಂದೇ ಬೇರೆ 5 ವೋಲ್ಟ್ ಪೋರ್ಟ್ ಇದೆ. ಪವರ್ ಬ್ಯಾಂಕನ್ನು ಅಲ್ಲಿಗೆ ಕೊಡಬಹುದು. ಫೋನ್ ಚಾರ್ಜ್ ಆಗುವುದಿಲ್ಲ, ಆದರೆ ಇಂಟರ್‌ಫೇಸ್‌ನ ಹೊರೆ ಅದರ ಬ್ಯಾಟರಿ ಮೇಲೆ ಬೀಳುವುದೂ ಇಲ್ಲ.