ಡೆಮೊ ಕೇಳುವಾಗ ನಾನು ಬರೆದ ಮೂರು ವಿಷಯ

ದಾವಣಗೆರೆಯಲ್ಲಿ ಬೀಜ, ಗೊಬ್ಬರ, ಔಷಧಿಯ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಹರಿಹರ, ಹೊನ್ನಾಳಿ, ಜಗಳೂರು ಕಡೆಯ ಚಿಲ್ಲರೆ ಅಂಗಡಿಗಳಿಗೆ ನಮ್ಮಿಂದ ಮಾಲು ಹೋಗುತ್ತದೆ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬ್ಯಾಚ್ ಪ್ರಕಾರ ಸ್ಟಾಕ್ ತೋರಿಸುತ್ತಿರಲಿಲ್ಲ. ಹೊಸದು ನೋಡೋಣ ಅಂತ ಕೆಲವು ಕಂಪನಿಗಳಿಗೆ ಡೆಮೊ ಕೇಳಿ ಮೇಲ್ ಬರೆದೆ. "ನಿಮ್ಮ ಸಾಫ್ಟ್‌ವೇರ್ ತೋರಿಸಿ" ಅಂತ ಒಂದೇ ಸಾಲು ಬರೆದರೆ, ಎಲ್ಲರಿಗೂ ತೋರಿಸುವುದನ್ನೇ ನಮಗೂ ತೋರಿಸಿ ಹೋಗುತ್ತಾರೆ. ಅದಕ್ಕೇ ಜನ ಎಷ್ಟು, ಕೆಲಸ ಏನು, ದುಡ್ಡು ಎಷ್ಟು ಅಂತ ಮೊದಲೇ ಹೇಳಿಬಿಟ್ಟೆ.

ನಮ್ಮಲ್ಲಿ ಹಮಾಲರೂ ಸೇರಿ 14 ಜನ ಇದ್ದೇವೆ. ಆದರೆ ಸಾಫ್ಟ್‌ವೇರ್ ಮುಟ್ಟುವವರು 8 ಮಂದಿ: ಬಿಲ್ ಮಾಡುವವರು ಇಬ್ಬರು, ಗೋಡೌನ್‌ನವರು ಒಬ್ಬರು, ಲೈನ್ ಮೇಲೆ ಹೋಗುವ ಸೇಲ್ಸ್ ಹುಡುಗರು ಮೂವರು, ಸಾಹುಕಾರ್ರು, ನಾನು. ಇದರಲ್ಲಿ ಒಂದೇ ಹೊತ್ತಿಗೆ ಕೆಲಸ ಮಾಡುವವರು 5. ಕೆಲವು ಕಂಪನಿಗಳು ಪ್ರತಿ ಹೆಸರಿಗೂ ದುಡ್ಡು ಹಾಕುತ್ತವೆ, ಕೆಲವು ಒಂದೇ ಹೊತ್ತಿಗೆ ಎಷ್ಟು ಜನ ಅಂತ ಲೆಕ್ಕ ಹಿಡಿಯುತ್ತವೆ. ಹಾಗಾಗಿ ಎರಡೂ ಸಂಖ್ಯೆ ಕೊಡಬೇಕು. ಮುಂಗಾರು ಬಿತ್ತನೆ ಹೊತ್ತಿನಲ್ಲಿ ಬಿಲ್ಲಿಂಗಿಗೆ ಇನ್ನೊಬ್ಬರು ಬರುತ್ತಾರೆ, ಅದನ್ನೂ ಬರೆದೆ.

ಕೆಲಸದ ವಿಷಯಕ್ಕೆ ಬಂದರೆ, "ಸ್ಟಾಕ್ ಮ್ಯಾನೇಜ್‌ಮೆಂಟ್ ಬೇಕು" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲರೂ ಇದೆ ಅನ್ನುತ್ತಾರೆ. ನಾನು ಅಂಗಡಿಯಲ್ಲಿ ನಿಜವಾಗಿ ನಡೆಯುವ ಕೆಲಸವನ್ನೇ ಬರೆದೆ:

"ಒಂದೇ ಬಿಲ್ಲಿನಲ್ಲಿ ಮೆಕ್ಕೆಜೋಳದ ಬಿತ್ತನೆ ಬೀಜ, ಗೊಬ್ಬರ, ಕೀಟನಾಶಕ ಮೂರೂ ಇರುತ್ತವೆ. ಜಿಎಸ್‌ಟಿ ಬೀಜಕ್ಕೆ ಇಲ್ಲ, ಗೊಬ್ಬರಕ್ಕೆ 5%, ಕೀಟನಾಶಕಕ್ಕೆ 18%. ಆಮೇಲೆ ಡೀಲರ್ ಅದರಲ್ಲಿ 6 ಲೀಟರ್ ಕೀಟನಾಶಕ ವಾಪಸ್ ಕಳಿಸುತ್ತಾರೆ. ಅದು ಹೋದ ಬ್ಯಾಚಿಗೇ ಮರಳಿ ಸೇರಬೇಕು, ಡೀಲರ್ ಬಾಕಿಯಲ್ಲೂ ಕಡಿಮೆಯಾಗಬೇಕು. ಡೆಮೊದಲ್ಲಿ ಇದನ್ನೇ ಮಾಡಿ ತೋರಿಸಿ. ಬಿಲ್ಲಿನ ಪ್ರತಿ ಜೊತೆಗಿದೆ. ಸಂಬಳದ ಲೆಕ್ಕ ನಮಗೆ ಬೇಡ."

ಪ್ರತಿಯಲ್ಲಿ ಡೀಲರ್ ಹೆಸರು, ಫೋನ್ ನಂಬರ್ ಅಳಿಸಿದ್ದೆ. ಬೇಡದ್ದನ್ನೂ ಬರೆದರೆ ಡೆಮೊ ಟೈಮ್ ಉಳಿಯುತ್ತದೆ.

ದುಡ್ಡು ಬರೆಯುವಾಗ ಸಾಹುಕಾರ್ರು ತಡೆದರು. "ನಮ್ಮ ರೇಟ್ ನಾವೇ ಯಾಕೆ ಹೇಳ್ಬೇಕು? ಹೇಳಿದ್ರೆ ಅಷ್ಟಕ್ಕೇ ಬಂದು ನಿಲ್ತಾರೆ" ಅಂದರು. ಅವರ ಮಾತು ಸುಳ್ಳಲ್ಲ. ಬರೀ ಮೊತ್ತ ಹೇಳಿದರೆ ಹಾಗೇ ಆಗುತ್ತದೆ. ಆದರೆ ಆ ಮೊತ್ತದಲ್ಲಿ ಏನೇನು ಸೇರಿರಬೇಕು ಅಂತಲೂ ಬರೆದರೆ ಆಟ ಬೇರೆ. "ಮೊದಲ ವರ್ಷಕ್ಕೆ 60 ಸಾವಿರದಿಂದ 90 ಸಾವಿರ. ಇದರಲ್ಲಿ ಜಿಎಸ್‌ಟಿ, ಹಳೇ ಡೇಟಾ ವರ್ಗಾವಣೆ, ಟ್ರೈನಿಂಗ್, ಮೂರು ಮೊಬೈಲ್ ಆ್ಯಪ್ ಎಲ್ಲ ಸೇರಿರಬೇಕು. 60ಕ್ಕೆ ಕೊಡುವುದಾದರೆ ಏನು ಕೈಬಿಡುತ್ತೀರಿ ಹೇಳಿ. ಎರಡನೇ ವರ್ಷದ ರಿನ್ಯೂವಲ್ ಎಷ್ಟು?" ಅಂತ ಕೇಳಿದೆ. ಇದನ್ನು ಓದಿ ಸಾಹುಕಾರ್ರು ಒಪ್ಪಿದರು.

ಇದರ ಉಪಯೋಗ ಕೊಟೇಶನ್ ಬಂದಾಗ ಕಂಡಿತು. ಒಬ್ಬರದು ಬರೀ 48 ಸಾವಿರ, ನೋಡಿದರೆ ಅಗ್ಗ ಅನಿಸುತ್ತದೆ. ಆದರೆ ಕೆಳಗೆ ಆ್ಯಪ್ ಒಂದಕ್ಕೆ 6 ಸಾವಿರ, ಡೇಟಾ ವರ್ಗಾವಣೆಗೆ 20 ಸಾವಿರ ಬೇರೆ ಇತ್ತು. ಮೂರು ಆ್ಯಪ್ ಸೇರಿಸಿದರೆ 86 ಸಾವಿರ, ಮೇಲೆ 18% ಜಿಎಸ್‌ಟಿ ಹಾಕಿದರೆ 1 ಲಕ್ಷ ದಾಟುತ್ತದೆ. ಇನ್ನೊಬ್ಬರು ಜಿಎಸ್‌ಟಿ ಒಂದು ಬಿಟ್ಟು ಉಳಿದೆಲ್ಲ ಸೇರಿಸಿ 75 ಸಾವಿರ ಹೇಳಿದರು. ಜಿಎಸ್‌ಟಿ ಸೇರಿ 88,500. ದುಬಾರಿ ಅನಿಸಿದ್ದೇ ಕಡಿಮೆ ಬಿತ್ತು ಅಲ್ವಾ!

ಡೆಮೊ ದಿನ ಗೋಡೌನ್‌ನವರನ್ನೂ ಜೊತೆಗೆ ಕೂರಿಸಿಕೊಂಡೆ. 48 ಸಾವಿರದವರು ಬಿಲ್ ಚೆನ್ನಾಗಿ ಮಾಡಿದರು. ವಾಪಸ್ ಬಂದ 6 ಲೀಟರನ್ನೂ ಹಾಕಿದರು, ಡೀಲರ್ ಬಾಕಿಯೂ ಕಡಿಮೆಯಾಯಿತು. ಅಲ್ಲಿಗೆ ಎಲ್ಲ ಸರಿ ಅಂತಲೇ ಕಾಣುತ್ತದೆ. ನಾನು ಬ್ಯಾಚ್‌ವಾರು ಸ್ಟಾಕ್ ರಿಪೋರ್ಟ್ ತೆಗೆಯಲು ಹೇಳಿದೆ. ಒಟ್ಟು ಸ್ಟಾಕಿನಲ್ಲಿ 6 ಜಾಸ್ತಿಯಾಗಿತ್ತು, ಆದರೆ ಹಳೇ ಬ್ಯಾಚಿಗೆ ಸೇರದೆ, ಬ್ಯಾಚ್ ನಂಬರೇ ಇಲ್ಲದ ಖಾಲಿ ಸಾಲಿನಲ್ಲಿ ಕೂತಿತ್ತು. ಗೋಡೌನ್‌ನವರು ತಕ್ಷಣ, "ಸರ್, ಇದರ ಎಕ್ಸ್‌ಪೈರಿ ಯಾವುದು ಅಂತ ನಾನು ಹೆಂಗೆ ಹೇಳ್ಲಿ?" ಅಂದರು. ಎಕ್ಸ್‌ಪೈರಿ ಹತ್ತಿರ ಇರುವುದನ್ನೇ ಮೊದಲು ಕಳಿಸಬೇಕಾದ ನಮಗೆ ಇದು ದೊಡ್ಡ ತೊಂದರೆ. ಅವರು "ಮಾಡಿಕೊಡ್ತೀವಿ" ಅಂದರು. ಈಗ ಇರುವುದು ಬೇರೆ, ಮುಂದೆ ಮಾಡಿಕೊಡುವುದು ಬೇರೆ. ಅದಕ್ಕೆ ಎಷ್ಟು ದಿನ, ಎಷ್ಟು ದುಡ್ಡು ಅಂತ ಬರೆದು ಕೊಡಿ ಅಂದೆ. ಬರಹದಲ್ಲಿ ಏನೂ ಬರಲಿಲ್ಲ.

75 ಸಾವಿರದವರಲ್ಲಿ ಮಾಲು ಹೋದ ಬ್ಯಾಚಿಗೇ ಮರಳಿತು. ರಿನ್ಯೂವಲ್ 18 ಸಾವಿರ ಅಂತ ಬಾಯಲ್ಲಿ ಹೇಳಿದ್ದನ್ನು, ಜಿಎಸ್‌ಟಿ ಬೇರೆ ಅನ್ನುವುದನ್ನೂ ಸೇರಿಸಿ, ಕೊಟೇಶನ್‌ನಲ್ಲೇ ಹಾಕಿಸಿಕೊಂಡು ಅಡ್ವಾನ್ಸ್ ಕೊಟ್ಟೆವು.